ವ್ಯಾಪಾರಿ ಖಾತೆಗಳ ರೀಲ್ಸ್ ಮತ್ತು ಕೃತಿಸ್ವಾಮ್ಯ

ಅಂಗಡಿ, ಹೋಟೆಲು, ಪಾರ್ಲರು, ಕಂಪನಿಗಳು ಇನ್‌ಸ್ಟಾಗ್ರಾಂ, ಫೇಸ್‌ಬುಕ್, ಯೂಟ್ಯೂಬ್‌ಗಳಲ್ಲಿ ಹಾಕುವ ಪ್ರಚಾರದ ವಿಡಿಯೊಗಳಲ್ಲಿ ಬೇರೆಯವರ ಹಾಡು, ಫೋಟೊ ಅಥವಾ ಮುಖ ಬಳಕೆಯಾದಾಗ ಕೃತಿಸ್ವಾಮ್ಯದ, ಅಂದರೆ ಕಾಪಿರೈಟಿನ, ಪ್ರಶ್ನೆ ಏಳುತ್ತದೆ. ಭಾರತದಲ್ಲಿ ಇದಕ್ಕೆ 1957ರ ಕೃತಿಸ್ವಾಮ್ಯ ಕಾಯ್ದೆ ಮತ್ತು 2013ರ ಕೃತಿಸ್ವಾಮ್ಯ ನಿಯಮಗಳು ಅನ್ವಯಿಸುತ್ತವೆ. ಇವುಗಳ ಜೊತೆಗೆ ಆಯಾ ವೇದಿಕೆಯ ಷರತ್ತುಗಳೂ ಇರುತ್ತವೆ. ಹಾಡಿನ ಒಡೆಯರಿಂದ ವೇದಿಕೆಗಳು ಪಡೆದಿರುವ ಅನುಮತಿ ಮುಖ್ಯವಾಗಿ ಬಳಕೆದಾರರ ಖಾಸಗಿ ಮನರಂಜನೆಗೆ ಸಂಬಂಧಿಸಿದ್ದು. ಸರಕು ಮಾರಲು ಮಾಡಿದ ವಿಡಿಯೊ ಆ ಅನುಮತಿಯ ಹೊರಗೆ ಉಳಿಯುತ್ತದೆ. ವ್ಯಾಪಾರಿ ಖಾತೆಗಳ ಹೆಚ್ಚಿನ ತಕರಾರುಗಳ ಮೂಲ ಇದೇ.

ಹಾಡಿನೊಳಗಿನ ಹಕ್ಕುಗಳು

ಒಂದು ಚಿತ್ರಗೀತೆಯಲ್ಲಿ ಕಾನೂನು ಹಲವು ಹಕ್ಕುಗಳನ್ನು ಗುರುತಿಸುತ್ತದೆ. ಸಾಹಿತ್ಯ ಒಂದು ಕೃತಿ, ಸ್ವರ ಸಂಯೋಜನೆ ಮತ್ತೊಂದು, ಸ್ಟುಡಿಯೊದಲ್ಲಿ ತಯಾರಾದ ಧ್ವನಿಮುದ್ರಣ ಮೂರನೆಯದು. ಇವಲ್ಲದೆ ಗಾಯಕರಿಗೂ ವಾದ್ಯಗಾರರಿಗೂ ಪ್ರದರ್ಶಕರ ಹಕ್ಕುಗಳಿವೆ. ಸಾಹಿತ್ಯ ಮತ್ತು ಸಂಯೋಜನೆಯ ಹಕ್ಕು ಕರ್ತೃವಿನ ಜೀವಿತಾವಧಿ ಮತ್ತು ಆಮೇಲಿನ 60 ವರ್ಷಗಳವರೆಗೆ ಇರುತ್ತದೆ. ಧ್ವನಿಮುದ್ರಣದ ಹಕ್ಕು ಅದು ಪ್ರಕಟವಾದ ಮೇಲೆ 60 ವರ್ಷ ಇರುತ್ತದೆ. ಎರಡೂ ಅವಧಿಗಳನ್ನು ಮುಂದಿನ ಜನವರಿಯಿಂದ ಎಣಿಸಲಾಗುತ್ತದೆ.

ಈ ಪದರಗಳನ್ನು ಬೇರೆಬೇರೆಯಾಗಿ ನೋಡದಿದ್ದರೆ ಲೆಕ್ಕ ತಪ್ಪುತ್ತದೆ. ಪುರಂದರದಾಸರ ಪದಗಳಿಗೆ ಕೃತಿಸ್ವಾಮ್ಯವಿಲ್ಲ, ಯಾರು ಬೇಕಾದರೂ ಹಾಡಬಹುದು. ಆದರೆ ಅದೇ ಪದವನ್ನು ಗಾಯಕರೊಬ್ಬರು ಹಾಡಿ 1990ರಲ್ಲಿ ಬಿಡುಗಡೆಯಾದ ಕ್ಯಾಸೆಟ್ಟಿನ ಧ್ವನಿಮುದ್ರಣ 2050ರ ಕೊನೆಯವರೆಗೂ ಅದರ ಕಂಪನಿಯ ಸೊತ್ತು. ಹೊಸ ರಾಗಸಂಯೋಜನೆ ಮಾಡಿದ್ದರೆ ಅದರ ಹಕ್ಕು ಪ್ರತ್ಯೇಕ. ಭಾವಗೀತೆಗಳಲ್ಲಿ ಸಾಹಿತ್ಯದ ಹಕ್ಕೂ ಇನ್ನೂ ಜೀವಂತವಾಗಿರುತ್ತದೆ. 1981ರಲ್ಲಿ ತೀರಿಕೊಂಡ ಬೇಂದ್ರೆಯವರ ಕವಿತೆಗಳಿಗೆ 2041ರ ಕೊನೆಯವರೆಗೆ, 1994ರಲ್ಲಿ ತೀರಿಕೊಂಡ ಕುವೆಂಪು ಅವರ ಕವಿತೆಗಳಿಗೆ 2054ರ ಕೊನೆಯವರೆಗೆ ರಕ್ಷಣೆ ಇದೆ.

ವಿಡಿಯೊ ದೃಶ್ಯಕ್ಕೆ ಹಾಡನ್ನು ಜೋಡಿಸಲು ಪಡೆಯುವ ಅನುಮತಿಗೆ ಉದ್ಯಮದಲ್ಲಿ ಸಿಂಕ್ ಲೈಸೆನ್ಸ್ ಎನ್ನುತ್ತಾರೆ. ಮೂಲ ಧ್ವನಿಮುದ್ರಣವನ್ನೇ ಬಳಸುವುದಾದರೆ ಮಾಸ್ಟರ್ ಹಕ್ಕಿನ ಅನುಮತಿಯೂ ಬೇಕು. ಕನ್ನಡ ಚಿತ್ರಗೀತೆಗಳ ಮಟ್ಟಿಗೆ ಇದನ್ನು ಸಾಮಾನ್ಯವಾಗಿ ಚಿತ್ರದ ಆಡಿಯೊ ಹಕ್ಕು ಕೊಂಡ ಕಂಪನಿಯ ಬಳಿ ಕೇಳಬೇಕಾಗುತ್ತದೆ. ಅಂಗಡಿಯೊಳಗೆ ಹಾಡು ಹಾಕಲು ಪಿಪಿಎಲ್ ಅಥವಾ ಐಪಿಆರ್‌ಎಸ್‌ಗೆ ಶುಲ್ಕ ಕಟ್ಟಿದ ರಸೀದಿ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಅದು ಸಾರ್ವಜನಿಕವಾಗಿ ನುಡಿಸುವ ಅನುಮತಿಯೇ ಹೊರತು ಜಾಹೀರಾತಿಗೆ ಜೋಡಿಸುವ ಅನುಮತಿಯಲ್ಲ.

ವೇದಿಕೆಯ ಅನುಮತಿಯ ಮಿತಿ

ಇನ್‌ಸ್ಟಾಗ್ರಾಂನ ಬಿಸಿನೆಸ್ ಖಾತೆಗಳಿಗೆ ಸಾಮಾನ್ಯ ಖಾತೆಗಳಿಗಿಂತ ಕಡಿಮೆ ಹಾಡುಗಳು ಸಿಗುತ್ತವೆ. ಟ್ರೆಂಡಿನಲ್ಲಿರುವ ಹಾಡು ಬಿಸಿನೆಸ್ ಖಾತೆಗೆ ಲಭ್ಯವಿಲ್ಲ ಎಂಬ ಸೂಚನೆ ಬರುವುದು ಇದಕ್ಕೇ. ಅನೇಕರು ಆಗ ಖಾತೆಯನ್ನು ಕ್ರಿಯೇಟರ್ ಅಥವಾ ಪರ್ಸನಲ್ ಎಂದು ಬದಲಿಸುತ್ತಾರೆ. ಹಾಡು ಸಿಗುತ್ತದೆ, ಅನುಮತಿ ಸಿಗುವುದಿಲ್ಲ. ಮೆಟಾದ ಸಂಗೀತ ನಿಯಮಗಳು ಸೂಕ್ತ ಲೈಸೆನ್ಸ್ ಇಲ್ಲದ ವಾಣಿಜ್ಯ ಬಳಕೆಯನ್ನು ನಿಷೇಧಿಸುತ್ತವೆ. ಅಲ್ಲಿ ಪ್ರಶ್ನೆ ಬಳಕೆಯ ಉದ್ದೇಶದ್ದು, ಖಾತೆಯ ಹೆಸರಿನದಲ್ಲ. ದರ, ರಿಯಾಯಿತಿ, ವಾಟ್ಸ್‌ಆ್ಯಪ್ ನಂಬರ್ ತೋರಿಸುವ ರೀಲು ಯಾವ ಖಾತೆಯಲ್ಲಿದ್ದರೂ ವ್ಯಾಪಾರದ್ದೇ.

ವಾಣಿಜ್ಯ ಬಳಕೆಗೆಂದೇ ಮೆಟಾ ಸೌಂಡ್ ಕಲೆಕ್ಷನ್ ಇದೆ. ಅಲ್ಲಿನ ಸಂಗೀತ ಮೆಟಾದ ವೇದಿಕೆಗಳಿಗೆ ಸೀಮಿತವಾದ್ದರಿಂದ ಅದೇ ವಿಡಿಯೊವನ್ನು ಯೂಟ್ಯೂಬಿಗೂ ಹಾಕುವವರು ಷರತ್ತನ್ನು ಮತ್ತೆ ನೋಡಬೇಕು. ‘ಉಚಿತ ಸಂಗೀತ’ ಕೊಡುವ ತಾಣಗಳಲ್ಲಿಯೂ ಓದಬೇಕಾದ ಅಂಶಗಳಿವೆ. ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸಿನಲ್ಲಿ NC ಎಂದಿದ್ದರೆ ವಾಣಿಜ್ಯ ಬಳಕೆ ಕೂಡದು. ND ಎಂದಿದ್ದರೆ ವಿಡಿಯೊಗೆ ಜೋಡಿಸುವಂತೆಯೇ ಇಲ್ಲ, ಏಕೆಂದರೆ ದೃಶ್ಯದೊಡನೆ ಸಂಗೀತವನ್ನು ಹೊಂದಿಸುವುದನ್ನು ಅಲ್ಲಿ ಮಾರ್ಪಾಡು ಎಂದೇ ಎಣಿಸಲಾಗುತ್ತದೆ.

ಹಾಡಿನ ಏಳು ಸೆಕೆಂಡೋ ಮೂವತ್ತು ಸೆಕೆಂಡೋ ಬಳಸಿದರೆ ತೊಂದರೆಯಿಲ್ಲ ಎಂಬ ಮಾತಿಗೆ ಕಾಯ್ದೆಯಲ್ಲಿ ಆಧಾರವಿಲ್ಲ. 52ನೇ ಕಲಮು ಖಾಸಗಿ ಬಳಕೆ, ವಿಮರ್ಶೆ, ಪ್ರಚಲಿತ ಘಟನೆಯ ವರದಿ ಮುಂತಾದ ಉದ್ದೇಶಗಳಿಗೆ ನ್ಯಾಯೋಚಿತ ಬಳಕೆಯ ವಿನಾಯಿತಿ ಕೊಡುತ್ತದೆ. ಸೀರೆ ಮಾರಾಟ ಆ ಪಟ್ಟಿಯಲ್ಲಿಲ್ಲ. ಕಂಪನಿಯ ಹೆಸರನ್ನು ಕೃಪೆ ಎಂದು ಹಾಕಿದರೂ ಅನುಮತಿ ಪಡೆದಂತಾಗುವುದಿಲ್ಲ.

ನ್ಯಾಯಾಲಯಗಳ ಮುಂದೆ

ಅಮೆರಿಕದ ಫ್ಲಾರಿಡಾದಲ್ಲಿ ಬ್ಯಾಂಗ್ ಎಂಬ ಪೇಯ ತಯಾರಿಸುತ್ತಿದ್ದ ವೈಟಲ್ ಫಾರ್ಮಾಸ್ಯುಟಿಕಲ್ಸ್ ತನ್ನ ಟಿಕ್‌ಟಾಕ್ ಪ್ರಚಾರದಲ್ಲಿ ಜನಪ್ರಿಯ ಹಾಡುಗಳನ್ನು ಬಳಸಿತ್ತು. ಯೂನಿವರ್ಸಲ್ ಮ್ಯೂಸಿಕ್ 2021ರಲ್ಲಿ ಮೊಕದ್ದಮೆ ಹೂಡಿತು. 2022ರ ಜುಲೈಯಲ್ಲಿ ಅಲ್ಲಿನ ಫೆಡರಲ್ ನ್ಯಾಯಾಲಯ, ಕಂಪನಿ ತಾನೇ ಹಾಕಿದ ವಿಡಿಯೊಗಳ ಮಟ್ಟಿಗೆ ಉಲ್ಲಂಘನೆಯಾಗಿದೆ ಎಂದು ತೀರ್ಮಾನಿಸಿತು. ಹಾಡು ಆ್ಯಪ್‌ನಲ್ಲಿ ಸಿಗುತ್ತಿತ್ತು ಎಂಬುದು ಕಂಪನಿಯನ್ನು ಕಾಯಲಿಲ್ಲ.

ಕರ್ನಾಟಕದಲ್ಲಿ ಹೆಚ್ಚು ಚರ್ಚೆಯಾದದ್ದು ವ್ಯಾಪಾರದ ಪ್ರಕರಣವಲ್ಲ, ರಾಜಕೀಯ ಪ್ರಚಾರದ್ದು. ಕೆಜಿಎಫ್ ಚಾಪ್ಟರ್ 2ರ ಹಾಡುಗಳನ್ನು ಭಾರತ್ ಜೋಡೊ ಯಾತ್ರೆಯ ವಿಡಿಯೊಗಳಲ್ಲಿ ಅನುಮತಿಯಿಲ್ಲದೆ ಬಳಸಲಾಗಿದೆ ಎಂದು ಬೆಂಗಳೂರಿನ ಎಂಆರ್‌ಟಿ ಮ್ಯೂಸಿಕ್ 2022ರಲ್ಲಿ ದೂರಿತು. ವಾಣಿಜ್ಯ ನ್ಯಾಯಾಲಯ ಕಾಂಗ್ರೆಸ್ಸಿನ ಮತ್ತು ಯಾತ್ರೆಯ ಟ್ವಿಟರ್ ಖಾತೆಗಳನ್ನು ತಾತ್ಕಾಲಿಕವಾಗಿ ತಡೆಹಿಡಿಯಲು ಆದೇಶಿಸಿತು. ನವೆಂಬರ್ 8ರಂದು ಹೈಕೋರ್ಟ್, ಆ ವಿಡಿಯೊಗಳನ್ನು ತೆಗೆಯಬೇಕೆಂಬ ಷರತ್ತಿನೊಂದಿಗೆ ಈ ಆದೇಶವನ್ನು ರದ್ದುಮಾಡಿತು. ಇಡೀ ಖಾತೆಗೂ ಅದರೊಳಗಿನ ಒಂದು ವಿಡಿಯೊಗೂ ಇರುವ ವ್ಯತ್ಯಾಸ ಇಲ್ಲಿ ಕಾಣುತ್ತದೆ. ಆದರೆ ಅದೇ ವಿಷಯದ ಕ್ರಿಮಿನಲ್ ಪ್ರಕರಣವನ್ನು ರದ್ದುಪಡಿಸಲು ಹೈಕೋರ್ಟ್ 2023ರ ಜೂನ್‌ನಲ್ಲಿ ಒಪ್ಪಲಿಲ್ಲ. ಕಾಯ್ದೆಯ 63ನೇ ಕಲಮಿನಡಿ ಗೊತ್ತಿದ್ದೂ ಮಾಡಿದ ಉಲ್ಲಂಘನೆಗೆ 6 ತಿಂಗಳಿಂದ 3 ವರ್ಷದವರೆಗೆ ಸೆರೆವಾಸ, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ ಇದೆ. ವ್ಯಾಪಾರದ ಲಾಭಕ್ಕಾಗಿ ಮಾಡಿದ್ದಲ್ಲದಿದ್ದರೆ ಮಾತ್ರ ನ್ಯಾಯಾಲಯ ಕನಿಷ್ಠ ಶಿಕ್ಷೆಗಿಂತ ಕಡಿಮೆ ಮಾಡಬಹುದು. ವ್ಯಾಪಾರಿ ಖಾತೆಗೆ ಈ ರಿಯಾಯಿತಿ ಸಿಗುವುದು ಕಷ್ಟ.

ಫೋಟೊ ಮತ್ತು ಮುಖ

ಫೋಟೊದಲ್ಲಿ ಎರಡು ಪ್ರಶ್ನೆಗಳಿವೆ: ಚಿತ್ರ ಯಾರದು, ಚಿತ್ರದಲ್ಲಿರುವವರು ಯಾರು. ಹಣ ಕೊಟ್ಟು ತೆಗೆಸಿದ ಫೋಟೊದ ಮೊದಲ ಒಡೆತನ, ಬೇರೆ ಒಪ್ಪಂದವಿಲ್ಲದಿದ್ದರೆ, ತೆಗೆಸಿದವರದು ಎಂದು 17ನೇ ಕಲಮು ಹೇಳುತ್ತದೆ. ಸ್ನೇಹಿತ ಪುಕ್ಕಟೆಯಾಗಿ ತೆಗೆದುಕೊಟ್ಟ ಫೋಟೊದ ಹಕ್ಕು ಸ್ನೇಹಿತನದೇ. ಗೂಗಲ್‌ನಲ್ಲಿ ಸಿಕ್ಕಿದ ಚಿತ್ರಕ್ಕೂ ಒಡೆಯರಿರುತ್ತಾರೆ. ಹುಡುಕಾಟದ ಫಲಿತಾಂಶದಲ್ಲಿ ಕಾಣಿಸಿದ ಮಾತ್ರಕ್ಕೆ ಬಳಸುವ ಹಕ್ಕು ಬರುವುದಿಲ್ಲ.

ಚಿತ್ರದಲ್ಲಿರುವ ವ್ಯಕ್ತಿಯ ಒಪ್ಪಿಗೆ ಬೇರೆಯೇ ವಿಷಯ. ಅನುಮತಿಯಿಲ್ಲದೆ ಒಬ್ಬರ ಹೆಸರನ್ನೋ ರೂಪವನ್ನೋ ಜಾಹೀರಾತಿಗೆ ಬಳಸುವುದು ಖಾಸಗಿತನದ ಉಲ್ಲಂಘನೆಯಾಗಬಹುದೆಂದು ಸುಪ್ರೀಂ ಕೋರ್ಟ್ 1994ರ ಆರ್. ರಾಜಗೋಪಾಲ್ ಪ್ರಕರಣದಲ್ಲಿ ಗುರುತಿಸಿತು. 2012ರಲ್ಲಿ ದೆಹಲಿ ಹೈಕೋರ್ಟ್ ಟೈಟನ್ ಕಂಪನಿಯ ಮೊಕದ್ದಮೆಯಲ್ಲಿ ಇದನ್ನು ಮುಂದಕ್ಕೆ ಒಯ್ದಿತು. ತನಿಷ್ಕ್ ಜಾಹೀರಾತಿಗೆ ಅಮಿತಾಭ್ ಮತ್ತು ಜಯಾ ಬಚ್ಚನ್ ನಿಂತಿದ್ದ ಚಿತ್ರವನ್ನು ಒಬ್ಬ ಆಭರಣ ವ್ಯಾಪಾರಿ ತನ್ನ ಹೋರ್ಡಿಂಗಿನಲ್ಲಿ ಬಳಸಿಕೊಂಡಿದ್ದ. ಜಾಹೀರಾತಿನ ಕೃತಿಸ್ವಾಮ್ಯ ಟೈಟನ್‌ನದು, ತಮ್ಮ ರೂಪವನ್ನು ವ್ಯಾಪಾರಕ್ಕೆ ಬಳಸುವ ನಿಯಂತ್ರಣ ದಂಪತಿಯದು. ಒಂದೇ ಚಿತ್ರದಿಂದ ಎರಡೂ ಹಕ್ಕುಗಳು ಮುರಿದಿದ್ದವು.

ಕ್ಲೇಮ್ ಮತ್ತು ಸ್ಟ್ರೈಕ್

ಮಾತಿನಲ್ಲಿ ಎಲ್ಲವನ್ನೂ ಸ್ಟ್ರೈಕ್ ಎನ್ನುವುದು ರೂಢಿ. ಯೂಟ್ಯೂಬಿನಲ್ಲಿ ಇವು ಎರಡು ಬೇರೆ ಕ್ರಮಗಳು. ಕಂಟೆಂಟ್ ಐಡಿ ಎಂಬ ವ್ಯವಸ್ಥೆ ಹಾಡನ್ನು ತಾನಾಗಿ ಗುರುತಿಸಿದಾಗ ಬರುವುದು ಕ್ಲೇಮ್. ಆಗ ವಿಡಿಯೊದ ಜಾಹೀರಾತು ಹಣ ಒಡೆಯರಿಗೆ ಹೋಗಬಹುದು ಅಥವಾ ವಿಡಿಯೊ ತಡೆಯಾಗಬಹುದು, ಚಾನೆಲ್‌ಗೆ ಕಪ್ಪುಚುಕ್ಕೆ ಬೀಳುವುದಿಲ್ಲ. ಒಡೆಯರು ಕಾನೂನುಬದ್ಧವಾಗಿ ದೂರು ಕೊಟ್ಟು ವಿಡಿಯೊ ತೆಗೆಸಿದಾಗ ಬೀಳುವುದು ಸ್ಟ್ರೈಕ್. ಅದು ಕಾಪಿರೈಟ್ ಸ್ಕೂಲ್ ಎಂಬ ಪಾಠ ಮುಗಿಸಿದರೆ 90 ದಿನಕ್ಕೆ ಕಳೆಯುತ್ತದೆ. ಅಷ್ಟರೊಳಗೆ ಮೂರು ಸ್ಟ್ರೈಕ್ ಬಿದ್ದರೆ ಚಾನೆಲ್ಲೇ ಮುಚ್ಚಬಹುದು. ಸ್ಟ್ರೈಕ್ ಬಿದ್ದ ಮೇಲೆ ವಿಡಿಯೊ ಅಳಿಸಿದರೆ ಸ್ಟ್ರೈಕ್ ಅಳಿಯುವುದಿಲ್ಲ.

ಇನ್‌ಸ್ಟಾಗ್ರಾಂನಲ್ಲಿ ಧ್ವನಿ ಮಾತ್ರ ಮಾಯವಾಗಬಹುದು, ಕೆಲವು ದೇಶಗಳಲ್ಲಿ ರೀಲು ಕಾಣದಿರಬಹುದು, ಇಲ್ಲವೇ ಪೂರ್ತಿ ತೆಗೆದುಹಾಕಬಹುದು. ಪದೇಪದೇ ಆದರೆ ಖಾತೆಗೇ ಕುತ್ತು. ಲೈಸೆನ್ಸ್ ಇದ್ದೂ ತೆಗೆದಿದ್ದರೆ ಆ ಪತ್ರದೊಂದಿಗೆ ಆಕ್ಷೇಪಣೆ ಸಲ್ಲಿಸಬಹುದು. ಲೈಸೆನ್ಸ್ ಇಲ್ಲದಿದ್ದರೆ ದೂರು ಕೊಟ್ಟವರೊಂದಿಗೆ ಮಾತಾಡಿ ದೂರು ಹಿಂತೆಗೆಸುವುದು ಉಳಿಯುವ ದಾರಿ. ಸುಳ್ಳು ಪ್ರತಿಹೇಳಿಕೆ ಕೊಟ್ಟರೆ ಕಾನೂನಿನ ಹೊಣೆ ಹೆಚ್ಚುತ್ತದೆ.

ಭಾರತದ ನಿಯಮಗಳಲ್ಲಿ ಬೇರೆ ಲೆಕ್ಕವಿದೆ. ಲಿಖಿತ ದೂರು ಬಂದ 36 ಗಂಟೆಯೊಳಗೆ ವೇದಿಕೆ ಕ್ರಮ ಕೈಗೊಳ್ಳಬೇಕು. ದೂರುದಾರರು 21 ದಿನದೊಳಗೆ ನ್ಯಾಯಾಲಯದ ಆದೇಶ ತರದಿದ್ದರೆ ವೇದಿಕೆ ವಿಡಿಯೊವನ್ನು ಮರಳಿ ತೋರಿಸಬಹುದು. ರೀಲು ತೆಗೆದ ಮಾತ್ರಕ್ಕೆ ಹಳೆಯ ಬಳಕೆಯ ಹೊಣೆ ಹೋಗುವುದಿಲ್ಲ. ಆಡಿಯೊ ಕಂಪನಿ ಆಮೇಲೂ ವಕೀಲರ ಮೂಲಕ ಪರಿಹಾರ ಕೇಳಬಹುದು. ಇನ್ನೊಂದೆಡೆ, ಹಕ್ಕಿಲ್ಲದೆಯೇ ಬೆದರಿಸುವವರ ವಿರುದ್ಧ ದಾವೆ ಹೂಡಲು 60ನೇ ಕಲಮಿನಲ್ಲಿ ಅವಕಾಶವಿದೆ.

ಒಂದು ರೀಲಿನ ತಪಾಸಣೆ

ಹುಬ್ಬಳ್ಳಿಯ ಸೀರೆ ಅಂಗಡಿಯೊಂದು ವರಮಹಾಲಕ್ಷ್ಮಿ ಹಬ್ಬಕ್ಕೆ 30 ಸೆಕೆಂಡಿನ ರೀಲು ಮಾಡಿದೆ ಎಂದಿಟ್ಟುಕೊಳ್ಳೋಣ. ಹಿನ್ನೆಲೆಯಲ್ಲಿ ಹೊಸ ಚಿತ್ರಗೀತೆ, ಮೊದಲಿಗೆ ರೂಪದರ್ಶಿ, ನಡುವೆ ಗ್ರಾಹಕಿಯೊಬ್ಬರ ಮದುವೆಯ ಫೋಟೊ, ಕೊನೆಗೆ ಅಂಥದೇ ಸೀರೆಯುಟ್ಟ ನಾಯಕಿಯ ಸಿನಿಮಾ ದೃಶ್ಯ.

ಹಾಡಿಗೆ ಆಡಿಯೊ ಕಂಪನಿಯ ಲಿಖಿತ ಅನುಮತಿ ಬೇಕು, ಇಲ್ಲವಾದರೆ ಬದಲಿಸಬೇಕು. ರೂಪದರ್ಶಿಯ ಚಿತ್ರೀಕರಣಕ್ಕೆ ಅಂಗಡಿ ಹಣ ಕೊಟ್ಟಿರುವುದರಿಂದ ಒಡೆತನ ಅಂಗಡಿಯದು. ಆದರೂ ಎಷ್ಟು ಕಾಲ, ಯಾವ ಮಾಧ್ಯಮದಲ್ಲಿ ಬಳಸಬಹುದೆಂದು ರೂಪದರ್ಶಿಯ ಸಹಿ ಇರಬೇಕು. ಮದುವೆ ಫೋಟೊವನ್ನು ಗ್ರಾಹಕಿ ಅಂಗಡಿಗೆ ಟ್ಯಾಗ್ ಮಾಡಿದ್ದು ಜಾಹೀರಾತಿಗೆ ಒಪ್ಪಿಗೆಯಲ್ಲ. ಅವರನ್ನು ಕೇಳಿ ಉತ್ತರವನ್ನು ಜೋಪಾನವಾಗಿಡಬೇಕು, ಛಾಯಾಗ್ರಾಹಕರ ಜೊತೆಗಿನ ಒಪ್ಪಂದದಲ್ಲಿ ಹಕ್ಕು ಯಾರಿಗಿದೆ ಎಂದೂ ನೋಡಬೇಕು. ಸಿನಿಮಾ ದೃಶ್ಯವನ್ನು ತೆಗೆದುಬಿಡುವುದೇ ಸರಿ, ಅದಕ್ಕೆ ನಿರ್ಮಾಪಕರದೂ ನಟಿಯದೂ ಅನುಮತಿ ಬೇಕಾಗುತ್ತದೆ.

ಚಿತ್ರಗೀತೆಯ ಬದಲು ಸ್ಥಳೀಯ ಗಾಯಕಿಯೊಬ್ಬರಿಂದ ಲಕ್ಷ್ಮಿಯ ಮೇಲಿನ ದಾಸರ ಪದವನ್ನು ಹೊಸದಾಗಿ ಹಾಡಿಸಿದರೆ ಸಾಹಿತ್ಯಕ್ಕೆ ಯಾರ ಅನುಮತಿಯೂ ಬೇಡ. ಈಚಿನವರು ಹಾಕಿದ ರಾಗವನ್ನು ಅನುಕರಿಸದಂತೆ ನೋಡಿಕೊಂಡು ಗಾಯಕಿ, ವಾದ್ಯಗಾರರು ಮತ್ತು ಸ್ಟುಡಿಯೊದೊಂದಿಗೆ ಬರವಣಿಗೆಯ ಒಪ್ಪಂದ ಮಾಡಿಕೊಳ್ಳಬೇಕು. 19ನೇ ಕಲಮಿನಂತೆ, ಹಕ್ಕಿನ ವರ್ಗಾವಣೆ ಪತ್ರದಲ್ಲಿ ಅವಧಿ ಬರೆಯದಿದ್ದರೆ 5 ವರ್ಷ ಎಂದೂ ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ ಎಂದೂ ಅರ್ಥ. ಲೈಸೆನ್ಸ್‌ಗೂ ಇದೇ ನಿಯಮ. ದುಬೈ, ನ್ಯೂಜೆರ್ಸಿಯ ಕನ್ನಡಿಗರಿಗೂ ಸೀರೆ ಕಳಿಸುವ ಅಂಗಡಿ ಪತ್ರದಲ್ಲಿ ‘ಜಗತ್ತಿನಾದ್ಯಂತ’ ಎಂದು ಬರೆಸಿಕೊಳ್ಳಬೇಕಾಗುತ್ತದೆ.