ಆರ್ಥಿಕ ಅಧಿಕಾರ ಪ್ರತ್ಯಾಯೋಜನೆ ಆದೇಶದಿಂದ ಹುದ್ದೆವಾರು ಮಂಜೂರಾತಿ ಮಿತಿ ಕೋಷ್ಟಕವನ್ನು ಸಿದ್ಧಪಡಿಸುವ ವಿಧಾನ

(ಸಾರ್ವಜನಿಕರ ಹಾಗೂ ಅಧೀನ ಕಚೇರಿಗಳ ಸಿಬ್ಬಂದಿಯ ಮಾಹಿತಿಗಾಗಿ)

ಸರ್ಕಾರಿ ಕಚೇರಿಯಲ್ಲಿ ಯಾವ ಅಧಿಕಾರಿಯು ಎಷ್ಟು ಮೊತ್ತದವರೆಗೆ ವೆಚ್ಚವನ್ನು ಮಂಜೂರು ಮಾಡಬಹುದು ಎಂಬುದನ್ನು ಆರ್ಥಿಕ ಅಧಿಕಾರ ಪ್ರತ್ಯಾಯೋಜನೆ ಆದೇಶವು ನಿರ್ಧರಿಸುತ್ತದೆ. ಮಾಹಿತಿ ಹಕ್ಕು ಅಧಿನಿಯಮ, 2005ರ ಪ್ರಕರಣ 4(1)(ಬಿ) ಅನ್ವಯ ಪ್ರತಿಯೊಂದು ಸಾರ್ವಜನಿಕ ಪ್ರಾಧಿಕಾರವೂ ತನ್ನ ಅಧಿಕಾರಿಗಳ ಹಾಗೂ ನೌಕರರ ಅಧಿಕಾರ ಮತ್ತು ಕರ್ತವ್ಯಗಳನ್ನು ಸ್ವಯಂಪ್ರೇರಿತವಾಗಿ ಪ್ರಕಟಿಸಿ, ಪ್ರತಿ ವರ್ಷ ಪರಿಷ್ಕರಿಸತಕ್ಕದ್ದು. ಆದಾಗ್ಯೂ ಅನೇಕ ಕಡೆ ಆದೇಶದ ಪುಟಗಳನ್ನೇ ಸ್ಕ್ಯಾನ್ ಮಾಡಿ ಪ್ರಕಟಿಸಲಾಗುತ್ತದೆ. ಅಂಕೋಲೆಯ ಗುತ್ತಿಗೆದಾರರೊಬ್ಬರು ತಮ್ಮ ಕಡತವು ಅಂಕೋಲೆಯಲ್ಲಿಯೇ ಇತ್ಯರ್ಥವಾಗಬೇಕೇ ಅಥವಾ ಕಾರವಾರದ ಜಿಲ್ಲಾ ಕಚೇರಿಗೆ ಹೋಗಬೇಕೇ ಎಂಬುದನ್ನು ಅಂತಹ ಪುಟಗಳಿಂದ ತಿಳಿಯಲಾರರು; ಹೊಸದಾಗಿ ಬಂದ ವಿಷಯ ನಿರ್ವಾಹಕರೂ ತಿಳಿಯಲಾರರು. ತಪ್ಪು ಹುದ್ದೆಯಿಂದ ಮಂಜೂರಾದ ಬಿಲ್ಲನ್ನು ಖಜಾನೆಯು ಹಿಂದಿರುಗಿಸಬಹುದು. ಅಲ್ಲಿ ದಾಟಿದರೂ ಲೆಕ್ಕಪರಿಶೋಧನೆಯ ಆಕ್ಷೇಪಣೆಯು ಮಂಜೂರು ಮಾಡಿದ ಅಧಿಕಾರಿಯ ಹೆಸರಿಗೇ ಬರುತ್ತದೆ.

ಈ ಕೆಳಗೆ ವಿಧಾನವನ್ನು ಒಂದು ಮಾದರಿ ಆದೇಶದ ಮೂಲಕ ವಿವರಿಸಲಾಗಿದೆ. ಮಾದರಿಯಲ್ಲಿನ ಮೊತ್ತಗಳು, ದಿನಾಂಕಗಳು ಮತ್ತು ಪ್ರಕರಣಗಳು ವಿವರಣೆಗಾಗಿ ಮಾತ್ರ. ಯಾವುದೇ ಇಲಾಖೆಯ ಜಾರಿಯಲ್ಲಿರುವ ಮಿತಿಗಳಲ್ಲ.

ಮಾದರಿ ಆದೇಶದ ಕಂಡಿಕೆ

"ಕಟ್ಟಡಗಳ ಸಾಮಾನ್ಯ ದುರಸ್ತಿಗೆ ತಾಲ್ಲೂಕು ಅಧಿಕಾರಿಯು ಪ್ರತಿ ಕಾಮಗಾರಿಗೆ ರೂ. 50,000ದವರೆಗೆ, ವಾರ್ಷಿಕ ರೂ. 2,00,000ಕ್ಕೆ ಮೀರದಂತೆ, ಜಿಲ್ಲಾ ಅಧಿಕಾರಿಯು ರೂ. 5.00 ಲಕ್ಷದವರೆಗೆ ಹಾಗೂ ಇಲಾಖಾ ಮುಖ್ಯಸ್ಥರು ಪೂರ್ಣಾಧಿಕಾರದಿಂದ ಮಂಜೂರಾತಿ ನೀಡತಕ್ಕದ್ದು. ಪೀಠೋಪಕರಣಗಳ ಖರೀದಿಗೆ ಸದರಿ ಮಿತಿಗಳ ಅರ್ಧದಷ್ಟು ಅನ್ವಯಿಸತಕ್ಕದ್ದು."

ಈ ಎರಡು ವಾಕ್ಯಗಳಲ್ಲಿ ಆರು ಸಾಲುಗಳಿವೆ. ಒಂದು ವಿಷಯ, ಒಂದು ಹುದ್ದೆ, ಒಂದು ಮಿತಿ ಸೇರಿ ಒಂದು ಸಾಲು ಎಂಬುದೇ ನಿಯಮ. ಹುದ್ದೆಗೆ ಒಂದೇ ಮೊತ್ತವೆಂದು ಬರೆದು ಮುಗಿಸುವುದು ಸಾಮಾನ್ಯವಾಗಿ ಕಂಡುಬರುವ ತಪ್ಪು. ಅದೇ ಅಧಿಕಾರಿಗೆ ದುರಸ್ತಿಗೊಂದು, ಖರೀದಿಗೊಂದು ಮಿತಿ ಇರುತ್ತದೆ. ಕಾಮಗಾರಿ ಇಲಾಖೆಗಳಲ್ಲಿ ಆಡಳಿತಾತ್ಮಕ ಅನುಮೋದನೆ, ತಾಂತ್ರಿಕ ಮಂಜೂರಾತಿ ಮತ್ತು ಟೆಂಡರ್ ಅಂಗೀಕಾರ ಇವು ಮೂರು ಬೇರೆ ಬೇರೆ ಅಧಿಕಾರಗಳು. ಆದ್ದರಿಂದ ವಿಷಯದ ಕಾಲಂನಲ್ಲಿ ಅಧಿಕಾರದ ಬಗೆಯನ್ನೂ ಸೇರಿಸಿ ಬರೆಯತಕ್ಕದ್ದು.

| ಸಾಲು | ವಿಷಯ | ಹುದ್ದೆ | ಪ್ರತಿ ಪ್ರಕರಣದ ಮಿತಿ (ರೂ.) | ವಾರ್ಷಿಕ ಮಿತಿ (ರೂ.) |
|---|---|---|---|---|
| 2 | ದುರಸ್ತಿ | ತಾಲ್ಲೂಕು ಅಧಿಕಾರಿ | 50000 | 200000 |
| 3 | ದುರಸ್ತಿ | ಜಿಲ್ಲಾ ಅಧಿಕಾರಿ | 500000 | ಇಲ್ಲ |
| 4 | ದುರಸ್ತಿ | ಇಲಾಖಾ ಮುಖ್ಯಸ್ಥರು | 999999999999 | ಇಲ್ಲ |
| 5 | ಪೀಠೋಪಕರಣ | ತಾಲ್ಲೂಕು ಅಧಿಕಾರಿ | 25000 | ಸ್ಪಷ್ಟೀಕರಣ ಬಾಕಿ |
| 6 | ಪೀಠೋಪಕರಣ | ಜಿಲ್ಲಾ ಅಧಿಕಾರಿ | 250000 | ಇಲ್ಲ |
| 7 | ಪೀಠೋಪಕರಣ | ಇಲಾಖಾ ಮುಖ್ಯಸ್ಥರು | (ಖಾಲಿ) | ಸ್ಪಷ್ಟೀಕರಣ ಬಾಕಿ |

ಇವುಗಳ ಬಲಕ್ಕೆ ಇನ್ನೂ ಮೂರು ಕಾಲಂಗಳಿರತಕ್ಕದ್ದು: ಜಾರಿಯ ದಿನಾಂಕ, ಮುಕ್ತಾಯದ ದಿನಾಂಕ, ಹಾಗೂ ಆಧಾರ, ಅಂದರೆ ಆದೇಶ ಸಂಖ್ಯೆ, ಅನುಬಂಧ, ಕಂಡಿಕೆ ಮತ್ತು ಪುಟ. ಆಧಾರವಿಲ್ಲದ ಸಾಲನ್ನು ಕೋಷ್ಟಕಕ್ಕೆ ಸೇರಿಸಬಾರದು.

ಐದನೇ ಮತ್ತು ಏಳನೇ ಸಾಲುಗಳನ್ನು ಗಮನಿಸಿ. "ಸದರಿ ಮಿತಿಗಳ ಅರ್ಧ" ಎಂದಾಗ ವಾರ್ಷಿಕ ಮಿತಿಯೂ ಅರ್ಧವಾಗುವುದೇ ಎಂದು ಆದೇಶವು ಹೇಳಿಲ್ಲ. ಪೂರ್ಣಾಧಿಕಾರದ ಅರ್ಧ ಎಂಬುದಕ್ಕಂತೂ ಅರ್ಥವೇ ಇಲ್ಲ. ಇಂತಹ ಕಡೆ ಕೋಷ್ಟಕ ತಯಾರಿಸುವವರು ತಮ್ಮ ಊಹೆಯನ್ನು ತುಂಬಬಾರದು. ಲಿಖಿತ ಸ್ಪಷ್ಟೀಕರಣ ಬರುವವರೆಗೆ ಸಂಶಯವಿರುವ ವಾರ್ಷಿಕ ಮಿತಿಗೆ ಕಡಿಮೆ ಮೊತ್ತವನ್ನು, ಅಂದರೆ ರೂ. 1,00,000ವನ್ನು, ಪಾಲಿಸುವುದು ಸುರಕ್ಷಿತ. ಏಳನೇ ಸಾಲಿನ ಮಿತಿಯನ್ನು ಖಾಲಿ ಬಿಡುವುದೇ ಸೂಕ್ತ. ಖಾಲಿ ಅಂಕಣವು ಪ್ರಶ್ನೆಯನ್ನು ಎಬ್ಬಿಸುತ್ತದೆ. ತಪ್ಪು ಅಂಕಿ ಎಬ್ಬಿಸುವುದಿಲ್ಲ.

ಅಂಕಿಗಳನ್ನು ನಮೂದಿಸುವಾಗ

ಆದೇಶದಲ್ಲಿ ಒಂದು ಕಡೆ ರೂಪಾಯಿಗಳಲ್ಲಿಯೂ ಮತ್ತೊಂದು ಕಡೆ ಲಕ್ಷಗಳಲ್ಲಿಯೂ ಮೊತ್ತವಿರುವುದು ಸಾಮಾನ್ಯ. ಅನುಬಂಧದ ತಲೆಬರಹದಲ್ಲಿ "ರೂ. ಲಕ್ಷಗಳಲ್ಲಿ" ಎಂದಿದ್ದು ಕೆಳಗೆ 0.50 ಎಂದಿದ್ದರೆ ಅದು ಐವತ್ತು ಸಾವಿರ. ಎಲ್ಲವನ್ನೂ ಪೂರ್ಣ ರೂಪಾಯಿಗೆ ಪರಿವರ್ತಿಸಿದ ನಂತರವೇ ನಮೂದಿಸತಕ್ಕದ್ದು.

ನಮ್ಮ ಕಚೇರಿಗಳ ರೂಢಿಯಂತೆ "50,000/-" ಎಂದು ಬೆರಳಚ್ಚಿಸಿದರೆ ಗಣಕಯಂತ್ರವು ಅದನ್ನು ಸಂಖ್ಯೆಯೆಂದು ಗ್ರಹಿಸದೆ ಪಠ್ಯವೆಂದು ಗ್ರಹಿಸುತ್ತದೆ. ಪರಿಣಾಮವಾಗಿ ಆ ಸಾಲು ಲೆಕ್ಕದಿಂದ ಸದ್ದಿಲ್ಲದೆ ಹೊರಗುಳಿದು, ತಾಲ್ಲೂಕು ಅಧಿಕಾರಿಗೆ ಇರುವ ಅಧಿಕಾರವು ಇಲ್ಲವೆಂಬಂತೆ ಉತ್ತರ ಬರುತ್ತದೆ. ಪಠ್ಯವಾಗಿ ಉಳಿದ ಅಂಕಿಯು ಅಂಕಣದ ಎಡಬದಿಗೆ ಅಂಟಿಕೊಂಡಿರುತ್ತದೆ, ನಿಜವಾದ ಸಂಖ್ಯೆಯು ಬಲಬದಿಗೆ ನಿಲ್ಲುತ್ತದೆ. ಇದರಿಂದ ದೋಷವನ್ನು ಗುರುತಿಸಬಹುದು. ಪೂರ್ಣಾಧಿಕಾರವನ್ನು ಅಕ್ಷರಗಳಲ್ಲಿ ಬರೆಯದೆ, ನಾಲ್ಕನೇ ಸಾಲಿನಲ್ಲಿರುವಂತೆ ಯಾವ ಪ್ರಸ್ತಾವನೆಯೂ ಮುಟ್ಟಲಾರದ ದೊಡ್ಡ ಸಂಖ್ಯೆಯನ್ನು ನೀಡುವುದೂ ಇದೇ ಕಾರಣಕ್ಕಾಗಿ.

ಕೋಷ್ಟಕದಿಂದ ಉತ್ತರ ಪಡೆಯುವುದು

ವಾಣಿಜ್ಯ ಪದವೀಧರರಿಗೆ ಚಿರಪರಿಚಿತವಾದ VLOOKUP ಸೂತ್ರದ ಅಂದಾಜು ಹೊಂದಾಣಿಕೆಯನ್ನು ಇಲ್ಲಿ ಬಳಸಬಾರದು. ಅದು ಕೇಳಿದ ಮೊತ್ತಕ್ಕೆ ಸಮನಾದ ಅಥವಾ ಅದಕ್ಕಿಂತ ಕಡಿಮೆಯಾದ ಮಿತಿಗಳಲ್ಲಿ ಅತಿ ದೊಡ್ಡದನ್ನು ಆರಿಸುತ್ತದೆ. ರೂ. 1,50,000ದ ದುರಸ್ತಿಗೆ ಅದು ರೂ. 50,000ದ ಸಾಲನ್ನು, ಅಂದರೆ ಅಧಿಕಾರವಿಲ್ಲದ ತಾಲ್ಲೂಕು ಅಧಿಕಾರಿಯನ್ನು ತೋರಿಸುತ್ತದೆ. ನಮಗೆ ಬೇಕಾದುದು ತದ್ವಿರುದ್ಧ: ಮೊತ್ತಕ್ಕೆ ಸಮನಾದ ಅಥವಾ ಅದಕ್ಕಿಂತ ಹೆಚ್ಚಿನ ಮಿತಿಗಳಲ್ಲಿ ಅತಿ ಚಿಕ್ಕದು. ಇದಕ್ಕೆ MINIFS ಸೂತ್ರವು ಒದಗುತ್ತದೆ. A ಕಾಲಂ ವಿಷಯ, C ಪ್ರಕರಣದ ಮಿತಿ, E ಜಾರಿಯ ದಿನಾಂಕ, F ಮುಕ್ತಾಯದ ದಿನಾಂಕ ಎಂದೂ, J1ರಲ್ಲಿ ವಿಷಯ, J2ರಲ್ಲಿ ಮೊತ್ತ, J3ರಲ್ಲಿ ಮಂಜೂರಾತಿಯ ದಿನಾಂಕ ಎಂದೂ ಇಟ್ಟುಕೊಂಡಲ್ಲಿ:

```
=MINIFS(C2:C7,A2:A7,J1,C2:C7,">="&J2,E2:E7,"<="&J3,F2:F7,">="&J3)
```

ಬಂದ ಮಿತಿಯ ಎದುರಿನ ಹುದ್ದೆಯೇ ಸಕ್ಷಮ ಪ್ರಾಧಿಕಾರ. ಉತ್ತರವು 0 ಎಂದು ಬಂದಲ್ಲಿ ಕೋಷ್ಟಕದ ಪ್ರಕಾರ ಯಾರಿಗೂ ಅಧಿಕಾರವಿಲ್ಲ, ರೂ. 3,00,000ದ ಪೀಠೋಪಕರಣಕ್ಕೆ ಹೀಗೆಯೇ ಬರುತ್ತದೆ ಮತ್ತು ಅದು ಸರಿಯಾದ ಉತ್ತರ, ಸ್ಪಷ್ಟೀಕರಣ ಬಾಕಿ ಇದೆ. ಜಾರಿಯಲ್ಲಿರುವ ಸಾಲಿನ ಮುಕ್ತಾಯ ದಿನಾಂಕವನ್ನು ಖಾಲಿ ಬಿಟ್ಟರೆ ಸೂತ್ರವು ಆ ಸಾಲನ್ನು ಕೈಬಿಡುವುದರಿಂದ 31-12-9999 ಎಂದು ನಮೂದಿಸುವುದು.

ಕೋಷ್ಟಕವನ್ನು ಬಳಕೆಗೆ ತರುವ ಮೊದಲು ಪ್ರತಿ ಮಿತಿಗೂ ಎರಡು ಪರೀಕ್ಷೆ ಮಾಡತಕ್ಕದ್ದು. ರೂ. 50,000ಕ್ಕೆ ತಾಲ್ಲೂಕು ಅಧಿಕಾರಿ, ರೂ. 50,001ಕ್ಕೆ ಜಿಲ್ಲಾ ಅಧಿಕಾರಿ ಬರಬೇಕು. "ವರೆಗೆ" ಎಂದರೆ ಆ ಮೊತ್ತವೂ ಸೇರಿದೆ. "ಒಳಗೆ" ಅಥವಾ "ಕಡಿಮೆ" ಎಂದಿದ್ದರೆ ಸೇರಿಲ್ಲ. ಭಾರತ ಸರ್ಕಾರದ ಸಾಮಾನ್ಯ ಹಣಕಾಸು ನಿಯಮಗಳು, 2017, ಹೊರಡಿಸಿದಾಗ ಇದ್ದ ರೂಪದಲ್ಲಿ ಇದಕ್ಕೆ ಉತ್ತಮ ನಿದರ್ಶನ: ನಿಯಮ 154ರಲ್ಲಿ ದರಪಟ್ಟಿಯಿಲ್ಲದ ಖರೀದಿಗೆ ರೂ. 25,000ದವರೆಗೆ, ನಿಯಮ 155ರಲ್ಲಿ ಖರೀದಿ ಸಮಿತಿಯ ಮೂಲಕ ರೂ. 25,000ಕ್ಕೆ ಮೇಲ್ಪಟ್ಟು ರೂ. 2,50,000ದವರೆಗೆ ಎಂದಿತ್ತು. ಗಡಿಯ ಮೊತ್ತವು ಯಾವ ಕಡೆಗೆ ಸೇರಿತೆಂಬ ಸಂಶಯಕ್ಕೆ ಅಲ್ಲಿ ಎಡೆಯಿರಲಿಲ್ಲ. ಎಲ್ಲ ಆದೇಶಗಳೂ ಹಾಗೆ ಬರೆಯಲ್ಪಟ್ಟಿದ್ದರೆ ಈ ಲೇಖನದ ಅರ್ಧ ಭಾಗ ಅನಗತ್ಯವಾಗುತ್ತಿತ್ತು.

ಒಂದು ಪ್ರಕರಣ

ಅಂಕೋಲೆಯ ಕಚೇರಿ ಕಟ್ಟಡದ ಹೆಂಚಿನ ಮಾಡು ಮಳೆಗಾಲಕ್ಕೆ ಮೊದಲು ದುರಸ್ತಿಯಾಗಬೇಕಿದೆ ಎಂದಿಟ್ಟುಕೊಳ್ಳೋಣ. ಅಂದಾಜು ರೂ. 4,85,000. ಕೋಷ್ಟಕವು ಕಾರವಾರದ ಜಿಲ್ಲಾ ಅಧಿಕಾರಿಯನ್ನು ತೋರಿಸುತ್ತದೆ. ಆದರೆ ಈ ಮೊತ್ತದಲ್ಲಿ ಸರಕು ಮತ್ತು ಸೇವಾ ತೆರಿಗೆ ಸೇರಿಲ್ಲ. ಶೇಕಡಾ 18ರಂತೆ ರೂ. 87,300 ಸೇರಿದಾಗ ಒಟ್ಟು ರೂ. 5,72,300 ಆಗಿ ಇಲಾಖಾ ಮುಖ್ಯಸ್ಥರ ವ್ಯಾಪ್ತಿಗೆ ಹೋಗುತ್ತದೆ. ಮಿತಿಯು ತೆರಿಗೆ ಸಹಿತವೋ ರಹಿತವೋ ಎಂಬುದನ್ನು ಆದೇಶದ ಟಿಪ್ಪಣಿಗಳಲ್ಲಿ ಹುಡುಕಿ ಕೋಷ್ಟಕದ ಮೇಲ್ಭಾಗದಲ್ಲಿ ಬರೆಯಬೇಕು. ಎಲ್ಲಿಯೂ ಇಲ್ಲವಾದರೆ ಒಟ್ಟು ವೆಚ್ಚವನ್ನೇ ಆಧಾರವಾಗಿಟ್ಟುಕೊಳ್ಳುವುದು ಸೂಕ್ತ. ಇದನ್ನು ಮೇ ತಿಂಗಳ ಕೊನೆಯ ವಾರದಲ್ಲಿ ಗಮನಿಸಿದರೆ ಪ್ರಯೋಜನವಿಲ್ಲ. ಕರಾವಳಿಯಲ್ಲಿ ಜೂನ್ ಬಂದ ಮೇಲೆ ಮಾಡು ಬಿಚ್ಚುವಂತಿಲ್ಲ.

ಅದೇ ಕಚೇರಿಯ ಇನ್ನೊಂದು ಪ್ರಸ್ತಾವನೆ ಒಟ್ಟು ರೂ. 35,000. ಪ್ರಕರಣದ ಮಿತಿಯೊಳಗಿದೆ. ಆದರೆ ಆ ವರ್ಷ ತಾಲ್ಲೂಕು ಅಧಿಕಾರಿಯು ಈಗಾಗಲೇ ರೂ. 1,80,000 ಮಂಜೂರು ಮಾಡಿದ್ದಾರೆ. ಇದನ್ನು ಸೇರಿಸಿದರೆ ರೂ. 2,15,000 ಆಗಿ ವಾರ್ಷಿಕ ಮಿತಿ ಮೀರುವುದರಿಂದ ಕಡತವು ಕಾರವಾರಕ್ಕೆ ಹೋಗಬೇಕು. ಇದನ್ನು ಮೇಲಿನ ಸೂತ್ರವು ತಿಳಿಸುವುದಿಲ್ಲ. ಮಂಜೂರಾತಿ ವಹಿಯೊಂದನ್ನು ಜೊತೆಯಲ್ಲಿ ನಿರ್ವಹಿಸಿ ಮೊತ್ತವನ್ನು ಕೂಡಿಸುತ್ತಾ ಹೋಗಬೇಕು.

ಕೋಷ್ಟಕಕ್ಕೆ ಕಾಣದ ಮತ್ತೊಂದು ಸಂಗತಿಯೆಂದರೆ ವಿಭಜನೆ. ರೂ. 85,000ದ ಒಂದೇ ಕೆಲಸವನ್ನು ರೂ. 45,000 ಮತ್ತು ರೂ. 40,000 ಎಂದು ಎರಡು ಅಂದಾಜುಗಳಾಗಿಸಿದರೆ ಎರಡಕ್ಕೂ ತಾಲ್ಲೂಕು ಅಧಿಕಾರಿ ಎಂದೇ ಉತ್ತರ ಬರುತ್ತದೆ. ಮೇಲಧಿಕಾರಿಯ ಮಂಜೂರಾತಿಯನ್ನು ತಪ್ಪಿಸಲು ಬೇಡಿಕೆಯನ್ನು ತುಂಡರಿಸಬಾರದೆಂದು ಮೇಲ್ಕಂಡ 2017ರ ನಿಯಮಗಳಲ್ಲಿಯೂ ಇದೆ. ವಹಿಯನ್ನು ಕಟ್ಟಡ ಮತ್ತು ದಿನಾಂಕದ ಪ್ರಕಾರ ವಿಂಗಡಿಸಿದಾಗ ಒಂದೇ ಕಟ್ಟಡದ ಎರಡು ಮಂಜೂರಾತಿಗಳು ಪಕ್ಕಪಕ್ಕದಲ್ಲಿ ನಿಲ್ಲುತ್ತವೆ. ಲೆಕ್ಕಪರಿಶೋಧಕರು ನೋಡುವ ರೀತಿಯೂ ಬಹುಮಟ್ಟಿಗೆ ಇದೇ.

ತುರ್ತು ಕಾಮಗಾರಿಗಳು

ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ 2024ರ ಜುಲೈ 16ರಂದು ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ಬಂದ್ ಆದದ್ದು ಎಲ್ಲರಿಗೂ ತಿಳಿದ ವಿಷಯ. ಅಂತಹ ಸಂದರ್ಭದಲ್ಲಿ ಸಾಮಾನ್ಯ ಮಿತಿಯ ಸಾಲನ್ನು ನೋಡುತ್ತಾ ಕುಳಿತುಕೊಳ್ಳುವಂತಿಲ್ಲ. ಆದೇಶದಲ್ಲಿ ತುರ್ತು ಅಧಿಕಾರದ ಕಂಡಿಕೆಯಿದ್ದರೆ ಅದನ್ನು "ತುರ್ತು ದುರಸ್ತಿ" ಎಂಬ ಪ್ರತ್ಯೇಕ ವಿಷಯವಾಗಿಯೇ ನಮೂದಿಸಿ, ಮೇಲಧಿಕಾರಿಗೆ ಎಷ್ಟು ದಿನದೊಳಗೆ ವರದಿ ಮಾಡಬೇಕೆಂಬ ಷರತ್ತನ್ನು ಅದೇ ಸಾಲಿನಲ್ಲಿ ಬರೆಯತಕ್ಕದ್ದು. ಷರತ್ತು ಬೇರೆ ಪುಟದಲ್ಲಿದ್ದರೆ ತುರ್ತಿನ ದಿನ ಅದನ್ನು ಯಾರೂ ಓದುವುದಿಲ್ಲ.

ತಿದ್ದುಪಡಿ ಬಂದಾಗ

ಹಳೆಯ ಮಿತಿಯನ್ನು ಅಳಿಸಿ ಹೊಸದನ್ನು ಬರೆಯಬಾರದು. ಹಳೆಯ ಸಾಲಿಗೆ ಮುಕ್ತಾಯದ ದಿನಾಂಕ ನೀಡಿ, ಹೊಸ ಸಾಲನ್ನು ಕೆಳಗೆ ಸೇರಿಸಿ, ಸೂತ್ರದ ವ್ಯಾಪ್ತಿಯನ್ನು ಆ ಸಾಲಿನವರೆಗೆ ವಿಸ್ತರಿಸಬೇಕು. ಮೇ 10ರಿಂದ ಮಿತಿಯು ರೂ. 75,000ಕ್ಕೆ ಏರಿದ್ದರೂ, ಮೇ 5ರಂದು ತಾಲ್ಲೂಕು ಅಧಿಕಾರಿ ಮಂಜೂರು ಮಾಡಿದ ರೂ. 60,000 ಅಧಿಕಾರ ಮೀರಿದ ಮಂಜೂರಾತಿಯೇ. ಎರಡು ವರ್ಷಗಳ ನಂತರ ಲೆಕ್ಕಪರಿಶೋಧನೆ ನಡೆದಾಗ ಅಳಿಸಿದ ಕೋಷ್ಟಕವು ಇದನ್ನು ಮರೆಮಾಚುತ್ತದೆ ಅಥವಾ, ಮಿತಿ ಇಳಿದಿದ್ದ ಪಕ್ಷದಲ್ಲಿ, ಸರಿಯಾದ ಮಂಜೂರಾತಿಯನ್ನೇ ತಪ್ಪೆಂದು ತೋರಿಸುತ್ತದೆ. ಮುಕ್ತಾಯದ ದಿನಾಂಕವನ್ನು ಮೇ 9 ಎಂದು ಬರೆಯುವುದು. ಎರಡೂ ಸಾಲುಗಳಲ್ಲಿ ಮೇ 10 ಇದ್ದರೆ ಆ ಒಂದು ದಿನ ಒಂದೇ ಹುದ್ದೆಗೆ ಎರಡು ಮಿತಿಗಳು ಜಾರಿಯಲ್ಲಿರುತ್ತವೆ.

ಹುದ್ದೆಯು ಪ್ರಭಾರದಲ್ಲಿದ್ದಾಗ ಪ್ರಭಾರ ಅಧಿಕಾರಿಯು ಆರ್ಥಿಕ ಅಧಿಕಾರವನ್ನು ಚಲಾಯಿಸಬಹುದೇ ಎಂಬುದನ್ನು ಪ್ರಭಾರ ಆದೇಶದಿಂದಲೇ ತಿಳಿಯಬೇಕು. ಕೋಷ್ಟಕದಲ್ಲಿ ಹುದ್ದೆಗಳ ಹೆಸರಿರಲಿ; ವ್ಯಕ್ತಿಗಳ ಹೆಸರು ಬೇಡ.

ಮಾಹಿತಿ ಹಕ್ಕು ಅಧಿನಿಯಮದಡಿ ಕೋಷ್ಟಕವನ್ನು ಪ್ರಕಟಿಸುವಾಗ ಆಧಾರದ ಕಾಲಂ ಹಾಗೂ "ಸ್ಪಷ್ಟೀಕರಣ ಬಾಕಿ" ಎಂಬ ನಮೂದುಗಳನ್ನು ತೆಗೆಯದೆ ಹಾಗೆಯೇ ಪ್ರಕಟಿಸಿ, ಮೂಲ ಆದೇಶದ ಪ್ರತಿಯನ್ನು ಜೊತೆಗೆ ಲಗತ್ತಿಸತಕ್ಕದ್ದು. ಕೋಷ್ಟಕಕ್ಕೂ ಆದೇಶಕ್ಕೂ ವ್ಯತ್ಯಾಸ ಕಂಡುಬಂದಲ್ಲಿ ಆದೇಶವೇ ಅಂತಿಮ.