ಬಿಲ್ಲಿನ ಫೋಟೊದಿಂದ ಲೆಕ್ಕದ ಅಂಕಿಗೆ: ಹೊನ್ನಾವರದ ಒಂದು ಉದಾಹರಣೆ

ಹೊನ್ನಾವರದ ಬಣ್ಣದ ಅಂಗಡಿಯೊಂದರ ಬಿಲ್ ಹೀಗಿದೆ ಎಂದಿಟ್ಟುಕೊಳ್ಳಿ: 950 ರೂಪಾಯಿಯ ಐದು ಡಬ್ಬಿ, ತೆರಿಗೆಗೆ ಮುಂಚಿನ ಮೊತ್ತ 4,750.00, ಶೇ. 9ರಂತೆ ಸಿಜಿಎಸ್‌ಟಿ 427.50, ಎಸ್‌ಜಿಎಸ್‌ಟಿಯೂ ಅಷ್ಟೇ, ಒಟ್ಟು 5,605.00. ಕುಮಟಾದ ವಾಣಿಜ್ಯ ವಿದ್ಯಾರ್ಥಿ ಅದರ ಫೋಟೊ ತೆಗೆಯುತ್ತಾನೆ. ಕಂಪ್ಯೂಟರಿಗೆ ಅದು ಇನ್ನೂ ಬಿಲ್ಲಲ್ಲ, ಬೆಳಕಿನ ಪ್ರಮಾಣ ಬರೆದಿಟ್ಟ ಲಕ್ಷಾಂತರ ಚುಕ್ಕೆಗಳ ರಾಶಿ.

ಮೊದಲ ಕೆಲಸ ಶಾಯಿಯನ್ನು ಕಾಗದದಿಂದ ಬೇರೆ ಮಾಡುವುದು. ಬಣ್ಣ ತೆಗೆದು ಪ್ರತಿ ಚುಕ್ಕೆಗೂ 0ಯಿಂದ 255ರವರೆಗಿನ ಒಂದು ಬೆಲೆ ಕೊಡುತ್ತಾರೆ. ಒಂದು ಗಡಿ ಹಾಕಿ, ಅದಕ್ಕಿಂತ ಕಡಿಮೆಯಿದ್ದರೆ ಕಪ್ಪು, ಹೆಚ್ಚಿದ್ದರೆ ಬಿಳಿ ಎನ್ನುತ್ತಾರೆ. ಆ ಗಡಿಯನ್ನು ಚಿತ್ರದಿಂದಲೇ ಲೆಕ್ಕಹಾಕುವ ವಿಧಾನವನ್ನು ಜಪಾನಿನ ಓಟ್ಸು 1979ರಲ್ಲಿ ಪ್ರಕಟಿಸಿದರು. ಆದರೆ ಬಿಲ್ಲಿನ ಅರ್ಧಕ್ಕೆ ಮೊಬೈಲಿನ ನೆರಳು ಬಿದ್ದರೆ ಒಂದೇ ಗಡಿ ಸಾಲದು. ನೆರಳಿನ ಕಾಗದವೂ ಕಪ್ಪೆನಿಸಿಬಿಡುತ್ತದೆ, ಆಗ ತುಂಡು ತುಂಡಾಗಿ ಬೇರೆ ಬೇರೆ ಗಡಿ ಹಾಕಬೇಕು. ಬಿಸಿಗೆ ಕಪ್ಪಾಗುವ ಥರ್ಮಲ್ ಕಾಗದದ ಬಿಲ್ ಮಾಸಿದ್ದರಂತೂ ಅಂಕಿಯ ಅಡ್ಡಗೆರೆಗಳೇ ಕಾಣೆಯಾಗುತ್ತವೆ.

ಆಮೇಲೆ ಓರೆಯಾದ ಸಾಲನ್ನು ನೇರ ಮಾಡಿ, ಒಂದೊಂದೇ ಸಾಲನ್ನು ಅಕ್ಷರ ಗುರುತಿಸುವ ನರಜಾಲಕ್ಕೆ ಒಪ್ಪಿಸಲಾಗುತ್ತದೆ. 2005ರಲ್ಲಿ ಮುಕ್ತವಾದ ಟೆಸರಾಕ್ಟ್ ತಂತ್ರಾಂಶ ತನ್ನ ನಾಲ್ಕನೇ ಆವೃತ್ತಿಯಿಂದ ಇಂಥ ನರಜಾಲವನ್ನು ಬಳಸುತ್ತಿದೆ. ಕನ್ನಡಕ್ಕೂ ಅದರಲ್ಲಿ ದತ್ತಾಂಶವಿದೆ. ಜಾಲ ‘ಇದು 7’ ಎಂದು ಖಚಿತವಾಗಿ ಹೇಳುವುದಿಲ್ಲ. 7 ಆಗುವ ಸಂಭವ ಇಷ್ಟು, 1 ಆಗುವ ಸಂಭವ ಇಷ್ಟು ಎಂದು ತೂಗಿ, ಹೆಚ್ಚು ತೂಕದ್ದನ್ನು ಆರಿಸುತ್ತದೆ.

ಈಗ ಕೈಯಲ್ಲಿರುವುದು ‘4,750.00’ ಎಂಬ ಅಕ್ಷರಮಾಲೆ ಮತ್ತು ಅದು ಕಾಗದದ ಮೇಲಿದ್ದ ಜಾಗ. ಜಾಗ ನೋಡಿ ಎಡಗಡೆಯ ಹೆಸರಿನೊಂದಿಗೆ ಅದೇ ಸಾಲಿನ ಬಲಗಡೆಯ ಮೊತ್ತವನ್ನು ಜೋಡಿಸುತ್ತಾರೆ. ಅಲ್ಪವಿರಾಮ ತೆಗೆದ ಮೇಲೆ ಅದು ಕೂಡಿಸಬಹುದಾದ ಸಂಖ್ಯೆ.

ಅಸಲು ಪರೀಕ್ಷೆ ಇಲ್ಲಿಂದಾಚೆಗೆ. ಮಾಸಿದ 7 ಅನ್ನು ಯಂತ್ರ 1 ಎಂದೂ, ಒಟ್ಟು ಮೊತ್ತದ 6 ಅನ್ನು 0 ಎಂದೂ ಓದಿತೆನ್ನಿ. ಮೊತ್ತ 4,150, ಒಟ್ಟು 5,005. ಕೂಡಿಸಿ ನೋಡಿದರೆ 4,150ಕ್ಕೆ ಎರಡೂ ತೆರಿಗೆಗಳ 855 ಸೇರಿ 5,005, ಲೆಕ್ಕ ತಾಳೆಯಾಯಿತು! ಎರಡು ತಪ್ಪುಗಳು ಒಂದನ್ನೊಂದು ಮುಚ್ಚಿಹಾಕಿದವು. ಕೂಡುವಿಕೆಯನ್ನಷ್ಟೇ ನೆಚ್ಚುವ ತಂತ್ರಾಂಶ ಇದನ್ನು ಸದ್ದಿಲ್ಲದೆ ಪುಸ್ತಕಕ್ಕೇರಿಸುತ್ತದೆ. ತೆರಿಗೆ ದರದಿಂದ ನೋಡಿದಾಗ ಗುಟ್ಟು ರಟ್ಟಾಗುತ್ತದೆ: 4,150ರ ಶೇ. 9 ಎಂದರೆ 373.50, ಬಿಲ್ಲಿನಲ್ಲಿರುವುದು 427.50. ಐದನ್ನು 950ರಿಂದ ಗುಣಿಸಿದರೂ 4,750 ಬರುತ್ತದೆ. ಪೈಸೆ ರೌಂಡ್ ಆಫ್ ಮಾಡುವ ರೂಢಿಯಿರುವುದರಿಂದ ಒಂದು ರೂಪಾಯಿಯೊಳಗಿನ ವ್ಯತ್ಯಾಸವನ್ನು ಮಾತ್ರ ಬಿಟ್ಟುಕೊಡಬಹುದು.

ಅಂಗಡಿಯ ಜಿಎಸ್‌ಟಿ ಸಂಖ್ಯೆಗೂ ಇಂಥ ಕಾವಲಿದೆ. ಕರ್ನಾಟಕದ 29ರಿಂದ ಶುರುವಾಗುವ ಆ 15 ಚಿಹ್ನೆಗಳಲ್ಲಿ ಕೊನೆಯದು ಉಳಿದ ಹದಿನಾಲ್ಕರಿಂದ ಲೆಕ್ಕಹಾಕಿದ್ದು.

ಭಟ್ಕಳ ಮಲ್ಲಿಗೆಯ ವ್ಯಾಪಾರಿ ಕೈಯಲ್ಲಿ ಬರೆದುಕೊಡುವ ಚೀಟಿಗೆ ಈ ಕಾವಲುಗಳಲ್ಲಿ ಹೆಚ್ಚಿನವು ಇಲ್ಲ. ತಾಜಾ ಹೂವಿಗೆ ಜಿಎಸ್‌ಟಿ ಇಲ್ಲ, ಆದ್ದರಿಂದ ತಾಳೆ ನೋಡಲು ತೆರಿಗೆಯ ಸಾಲೂ ಇಲ್ಲ. ಮೊಳ ಮತ್ತು ದರ ಬರೆದಿದ್ದರೆ ಗುಣಿಸಿ ನೋಡಬಹುದು. ಬರೀ ಮೊತ್ತವಿದ್ದರೆ ಚೀಟಿಯನ್ನು ಲೆಕ್ಕ ಬರೆಯುವವರೇ ಓದಿ ನಮೂದಿಸಬೇಕು.