ಅವಸರ, ತೊಂದರೆ, ಆಗ್ರಹ, ವಿಚಾರ: ಕನ್ನಡ–ತೆಲುಗು ಸಮರೂಪ ಪದಗಳ ಚರಿತ್ರೆ ಮತ್ತು ಅನುವಾದಕರ ಎಚ್ಚರ

ಹಾವೇರಿ ಜಿಲ್ಲೆಯ ಶಿಗ್ಗಾಂವಿ ತಾಲ್ಲೂಕಿನ ಹುಲಗೂರಿನಲ್ಲಿಯೂ ಅದರ ನೆರೆಯ ಸವಣೂರು, ಹಾನಗಲ್ಲ ಸೀಮೆಗಳಲ್ಲಿಯೂ ‘ಅವ್ವ’ ಎಂದರೆ ತಾಯಿ. ರಾಯಲಸೀಮೆಯ ತೆಲುಗಿನಲ್ಲಿ ‘ಅವ್ವ’ ಎಂದರೆ ಅಜ್ಜಿ. ಆ ಸೀಮೆಯ ಕಥೆಯೊಂದರಲ್ಲಿ ಹುಡುಗನೊಬ್ಬ ತನ್ನ ಅವ್ವ ತೀರಿಹೋದಳೆಂದು ಹೇಳುತ್ತಾನೆ ಎನ್ನೋಣ. ಅನುವಾದಕನು ಪದವನ್ನು ಇದ್ದಂತೆಯೇ ಉಳಿಸಿಕೊಂಡರೆ ಹುಲಗೂರಿನ ಓದುಗನಿಗೆ ಆ ಹುಡುಗ ತಬ್ಬಲಿಯಾಗಿ ಕಾಣುತ್ತಾನೆ. ವಾಕ್ಯದಲ್ಲಿ ವ್ಯಾಕರಣದ ತಪ್ಪಿಲ್ಲ, ಅರ್ಥಕ್ಕೆ ಅಡ್ಡಿಯಿಲ್ಲ; ಆದರೂ ಕಥೆ ಬೇರೆಯಾಗಿದೆ. ತೆಲಂಗಾಣದ ಹಲವು ಕಡೆ ‘ಅವ್ವ’ ತಾಯಿಯೇ ಆಗಿರುವುದರಿಂದ, ‘ತೆಲುಗಿನಲ್ಲಿ ಇದರ ಅರ್ಥವೇನು’ ಎಂದು ಕೇಳಿದರೂ ಸಾಲದು. ಆ ಹುಡುಗ ಯಾವ ಸೀಮೆಯವನು ಎಂದೂ ಕೇಳಬೇಕಾಗುತ್ತದೆ.

ಎರಡು ಭಾಷೆಗಳ ಸಮರೂಪ ಪದಗಳಲ್ಲಿ ಅನುವಾದಕನನ್ನು ನಿಜಕ್ಕೂ ದಾರಿತಪ್ಪಿಸುವವು ಯಾವುವು ಎಂಬುದನ್ನು ಈ ಲೇಖನದಲ್ಲಿ ಪರಿಶೀಲಿಸುತ್ತೇವೆ. ಅರ್ಥವು ಬಹಳ ದೂರವಾದ ಪದಗಳಿಗಿಂತ, ಒಂದೇ ಮೂಲದಿಂದ ಹೊರಟು ಸ್ವಲ್ಪವೇ ಸರಿದ ಪದಗಳು ಹೆಚ್ಚು ಅಪಾಯಕಾರಿ ಎಂಬುದು ನಮ್ಮ ನಿಲುವು. ತೆಲುಗು ಪದಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿಯೇ ಕೊಟ್ಟಿದ್ದೇವೆ.

೧. ತಾನಾಗಿಯೇ ಸಿಕ್ಕಿಬೀಳುವ ತಪ್ಪು

ತೆಲುಗಿನ ‘ಎದ್ದು’ ಕನ್ನಡದ ಎತ್ತು. ಕನ್ನಡದ ‘ಎದ್ದು’ ಏಳುವ ಕ್ರಿಯೆಗೆ ಸೇರಿದ್ದು. ತೆಲುಗಿನ ‘ಬಡಿ’ ಶಾಲೆ. ಕನ್ನಡದ ‘ಬಡಿ’ ಹೊಡೆತ. ತೆಲುಗಿನ ‘ಕೊಟ್ಟು’ ಎಂಬುದು ಹೊಡೆ ಎಂಬ ಧಾತು. ಕನ್ನಡದಲ್ಲಿ ‘ಕೊಟ್ಟು’ ಎಂದರೆ ನೀಡಿ. ಈ ಬಗೆಯ ಜೋಡಿಗಳು ಕೇಳಲು ಸ್ವಾರಸ್ಯವಾಗಿವೆ, ಹಾಸ್ಯಕ್ಕೂ ಒದಗುತ್ತವೆ. ಆದರೆ ಅನುಭವವಿರುವ ಅನುವಾದಕನು ಇವುಗಳಿಂದ ಎಡವುವುದು ಅಪರೂಪ. ನಾಮಪದ ಇರಬೇಕಾದ ಕಡೆ ಕ್ರಿಯಾರೂಪ ಬಂದರೆ ವಾಕ್ಯವೇ ನಿಲ್ಲುವುದಿಲ್ಲ. ‘ಎದ್ದು ಹೊಲ ಉಳುತ್ತಿದೆ’ ಎಂದು ಬರೆದ ಕೂಡಲೇ, ಏನೋ ತಪ್ಪಿದೆಯೆಂದು ಬರೆದವನಿಗೇ ಹೊಳೆಯುತ್ತದೆ.

ಇದಕ್ಕಿಂತ ತುಸು ಸೂಕ್ಷ್ಮವಾದದ್ದು ‘ಮಾಟ’. ತೆಲುಗಿನಲ್ಲಿ ‘ಮಾಟ’ ಎಂದರೆ ಮಾತು, ಕನ್ನಡದಲ್ಲಿ ವಾಮಾಚಾರ. ಇಲ್ಲಿ ನೆರವಿಗೆ ಬರುವುದು ಧ್ವನಿಯ ಚರಿತ್ರೆ. ತಮಿಳಿನಲ್ಲಿ ಇಮ್ಮಡಿ ರಕಾರವಾಗಿ ಉಳಿದ ಮೂಲ ದ್ರಾವಿಡದ ಒಂದು ವ್ಯಂಜನವು ಕನ್ನಡದಲ್ಲಿ ತಕಾರವಾಗಿಯೂ ತೆಲುಗಿನಲ್ಲಿ ಟಕಾರವಾಗಿಯೂ ಬೆಳೆಯಿತು. ಕನ್ನಡದ ‘ಹುತ್ತ’ಕ್ಕೆ ತೆಲುಗಿನಲ್ಲಿ ‘ಪುಟ್ಟ’ ಇರುವಂತೆಯೇ ಕನ್ನಡದ ‘ಮಾತು’ವಿಗೆ ತೆಲುಗಿನಲ್ಲಿ ‘ಮಾಟ’ ಇದೆ. ಕನ್ನಡದ ‘ಮಾಟ’ವಾದರೋ ‘ಮಾಡು’ ಧಾತುವಿನಿಂದ ಬಂದ ಬೇರೆಯೇ ಪದ. ಹಾಗಾಗಿ ತೆಲುಗಿನ ಪದಕ್ಕೆ ಕನ್ನಡದಲ್ಲಿ ಅದೇ ರೂಪವನ್ನು ಹುಡುಕಬಾರದು; ಧ್ವನಿನಿಯಮವು ತೋರಿಸುವ ರೂಪವನ್ನು ಹುಡುಕಬೇಕು. ‘ಹುತ್ತ–ಪುಟ್ಟ’ ಜೋಡಿಯಲ್ಲಿ ಇನ್ನೊಂದು ನಿಯಮವೂ ಕಾಣುತ್ತದೆ. ಪದಾದಿಯ ಪಕಾರ ಹಕಾರವಾದದ್ದು ಕನ್ನಡದ ಬದಲಾವಣೆ; ತೆಲುಗು ಪಕಾರವನ್ನು ಉಳಿಸಿಕೊಂಡಿತು. ನಿಯಮಗಳನ್ನು ಬಲ್ಲವನಿಗೆ, ನಿಜವಾದ ಜ್ಞಾತಿಪದಗಳು ಎಷ್ಟೋ ಸಲ ನೋಡಲು ಒಂದೇ ಆಗಿರುವುದಿಲ್ಲ ಎಂಬುದು ತಿಳಿದಿರುತ್ತದೆ.

೨. ಸಿಕ್ಕಿಬೀಳದ ತಪ್ಪು

ಧ್ವನಿನಿಯಮವು ಏನೂ ಹೇಳಲಾರದ ಪದಗಳಲ್ಲಿ ಸಂಸ್ಕೃತದಿಂದ ಎರಡೂ ಭಾಷೆಗಳು ಪಡೆದವೇ ಹೆಚ್ಚು. ಅವುಗಳ ರೂಪ ಒಂದೇ, ಮೂಲವೂ ಒಂದೇ; ಅರ್ಥ ಮಾತ್ರ ಕವಲೊಡೆದಿದೆ.

ಸಂಸ್ಕೃತದಲ್ಲಿ ‘ಅವಸರ’ ಎಂದರೆ ಸಂದರ್ಭ, ತಕ್ಕ ಸಮಯ. ಕನ್ನಡದ ಬಳಕೆಯಲ್ಲಿ ಅದು ಸಮಯದ ಒತ್ತಡದ ಕಡೆಗೆ ಸರಿದು ಆತುರವಾಯಿತು. ತೆಲುಗಿನಲ್ಲಿ ಸಂದರ್ಭವು ಬೇಡುವುದರ ಕಡೆಗೆ ಸರಿದು ಅಗತ್ಯವಾಯಿತು. ಇನ್ನು ‘ತೊಂದರೆ’: ಕನ್ನಡದಲ್ಲಿ ಕಷ್ಟ, ಅಡಚಣೆ, ತೆಲುಗಿನ ‘ತೊಂದರ’ ಎಂದರೆ ಆತುರ. ಹೀಗಾಗಿ ಕನ್ನಡದ ‘ಅವಸರ’ಕ್ಕೆ ಸಮನಾದದ್ದು ತೆಲುಗಿನ ‘ಅವಸರಂ’ ಅಲ್ಲ, ‘ತೊಂದರ’.

‘ತೊಂದರ ಪಡಾಲ್ಸಿನ ಅವಸರಂ ಲೇದು’ ಎಂಬ ದಿನನಿತ್ಯದ ತೆಲುಗು ವಾಕ್ಯವನ್ನು ನೋಡೋಣ. ರೂಪವನ್ನು ನಂಬಿದವನ ಕೈಯಲ್ಲಿ ಇದು ‘ತೊಂದರೆಪಡುವ ಅವಸರವಿಲ್ಲ’ ಎಂದಾಗುತ್ತದೆ. ಸ್ವಲ್ಪ ವಿಚಿತ್ರವಾದರೂ ಇದು ಕನ್ನಡ ವಾಕ್ಯವೇ. ‘ಈಗಲೇ ಕಷ್ಟಪಡಬೇಕಾಗಿಲ್ಲ’ ಎಂಬ ಅರ್ಥವನ್ನು ಓದುಗ ತಾನೇ ಕಟ್ಟಿಕೊಳ್ಳುತ್ತಾನೆ. ಮೂಲದ ಅರ್ಥ ‘ಅವಸರಪಡಬೇಕಾದ ಅಗತ್ಯವಿಲ್ಲ’. ಸರಿಯಾದ ಅನುವಾದದಲ್ಲಿಯೂ ‘ಅವಸರ’ ಇದೆ; ಆದರೆ ಅದು ಮೂಲದ ‘ಅವಸರಂ’ ಇದ್ದ ಜಾಗದಲ್ಲಿಲ್ಲ. ಎರಡೂ ಪಠ್ಯಗಳನ್ನು ಪಕ್ಕದಲ್ಲಿಟ್ಟು ಮೇಲುಮೇಲೆ ಹೋಲಿಸುವ ಸಂಪಾದಕನಿಗೆ ತಪ್ಪಾದ ವಾಕ್ಯವೇ ಮೂಲನಿಷ್ಠವಾಗಿ ಕಾಣುವ ಸಂಭವವಿದೆ.

ಈ ಕವಲು ಆಡಳಿತದ ಪರಿಭಾಷೆಯಲ್ಲಿಯೂ ಉಳಿದಿದೆ. 1975ರ ಜೂನ್‌ನಲ್ಲಿ ದೇಶದಲ್ಲಿ ಘೋಷಿತವಾದದ್ದನ್ನು ಕನ್ನಡವು ‘ತುರ್ತು ಪರಿಸ್ಥಿತಿ’ ಎಂದೂ ತೆಲುಗು ‘ಅತ್ಯವಸರ ಪರಿಸ್ಥಿತಿ’ ಎಂದೂ ಕರೆಯುತ್ತವೆ. ಕನ್ನಡದ ಕಿವಿಗೆ ‘ಅತ್ಯವಸರ’ವು ವ್ಯಕ್ತಿಯೊಬ್ಬನ ಅತಿಯಾದ ಆತುರವಾಗಿ ಕೇಳಿಸುತ್ತದೆ, ಅದರಲ್ಲಿ ತುಸು ಆಕ್ಷೇಪವೂ ಇರುತ್ತದೆ. ತೆಲುಗಿನಲ್ಲಿ ಆ ಆಕ್ಷೇಪವಿಲ್ಲ.

೩. ಬ್ಯಾಡಗಿಯ ಸುದ್ದಿ

ಹುಲಗೂರು ಇರುವ ಹಾವೇರಿ ಜಿಲ್ಲೆಯಲ್ಲಿಯೇ ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಿದೆ. ಬಳ್ಳಾರಿಯಿಂದಲೂ ಆಂಧ್ರಪ್ರದೇಶದಿಂದಲೂ ರೈತರು ಅಲ್ಲಿಗೆ ಮಾಲು ತರುತ್ತಾರೆ. ಎರಡು ಭಾಷೆಗಳು ಅಲ್ಲಿ ವರ್ಷವರ್ಷವೂ ಎದುರಾಗುತ್ತವೆ. 2024ರ ಮಾರ್ಚ್‌ನಲ್ಲಿ ದರ ಕುಸಿದಾಗ ಸಿಟ್ಟಿಗೆದ್ದ ರೈತರು ಮಾರುಕಟ್ಟೆ ಸಮಿತಿಯ ಕಚೇರಿಗೆ ನುಗ್ಗಿದರು, ವಾಹನಗಳಿಗೆ ಬೆಂಕಿ ಬಿತ್ತು. ಇಂಥ ಘಟನೆಗೆ ತೆಲುಗು ಪತ್ರಿಕೆಯ ಶೈಲಿಯಲ್ಲಿ ನಾವೇ ಒಂದು ತಲೆಬರಹ ಬರೆದರೆ ಅದು ‘ಧರಲಪೈ ರೈತುಲ ಆಗ್ರಹಂ’ ಎಂದಾಗುತ್ತದೆ. ‘ದರದ ಬಗ್ಗೆ ರೈತರ ಆಗ್ರಹ’ ಎಂದು ಅನುವಾದಿಸಿದರೆ ಕನ್ನಡದ ಓದುಗನು, ರೈತರು ಮನವಿ ಕೊಟ್ಟರು ಎಂದೋ ಬೇಡಿಕೆ ಮುಂದಿಟ್ಟರು ಎಂದೋ ತಿಳಿಯುತ್ತಾನೆ. ಮೂಲ ಹೇಳುವುದು ರೈತರ ಕೋಪವನ್ನು.

ಸಂಸ್ಕೃತದ ‘ಆಗ್ರಹ’ವು ಬಿಗಿಯಾಗಿ ಹಿಡಿಯುವುದು, ಪಟ್ಟುಹಿಡಿಯುವುದು. ಪತ್ರಿಕೆಗಳ ಇಂದಿನ ಕನ್ನಡದಲ್ಲಿ ಪಟ್ಟು ಹಕ್ಕೊತ್ತಾಯವಾಗಿದೆ. ತೆಲುಗಿನಲ್ಲಿ ಪಟ್ಟಿನ ಹಿಂದಿನ ಕಾವು ಮೇಲೆದ್ದು ಕೋಪವಾಗಿದೆ. ಹಾಗಿದ್ದೂ ತೆಲುಗಿನ ‘ಸತ್ಯಾಗ್ರಹಂ’ ಸತ್ಯದ ಕೋಪವಲ್ಲ; ಅಲ್ಲಿ ಹಳೆಯ ಅರ್ಥವೇ ಸಮಾಸದೊಳಗೆ ಉಳಿದುಕೊಂಡಿದೆ. ಆದ್ದರಿಂದ ‘ತೆಲುಗಿನ ಆಗ್ರಹಂ ಎಂದರೆ ಕೋಪ’ ಎಂದು ಪಟ್ಟಿಯಲ್ಲಿ ಬರೆದಿಟ್ಟುಕೊಂಡು ಎಲ್ಲೆಡೆ ಹಾಗೆಯೇ ಬದಲಿಸುವುದೂ ತಪ್ಪಾಗುತ್ತದೆ.

ಇಲ್ಲಿ ಅನುವಾದಕನಿಗೆ ಸುಳಿವು ಕೊಡುವುದು ಪದವಲ್ಲ, ಅದರ ಜೊತೆಗೆ ಬರುವ ಪ್ರತ್ಯಯ. ಕೋಪಕ್ಕೆ ಒಬ್ಬ ಗುರಿಯಿರುತ್ತಾನೆ. ಅದಕ್ಕೇ ತೆಲುಗಿನಲ್ಲಿ ‘ಪೈ’, ಅಂದರೆ ‘ಮೇಲೆ’. ಬೇಡಿಕೆಗೆ ಒಂದು ಫಲವಿರುತ್ತದೆ. ಅದಕ್ಕೇ ಕನ್ನಡದಲ್ಲಿ ಚತುರ್ಥಿ: ‘ಬೆಂಬಲ ಬೆಲೆಗೆ ಆಗ್ರಹ’, ‘ಪರಿಹಾರಕ್ಕೆ ಆಗ್ರಹ’. ಕ್ರಿಯಾಪದದಲ್ಲಿಯೂ ಇದೇ ಭೇದ. ‘ಆಗ್ರಹಿಸಿದರು’ ಎಂದಾಗ ಕನ್ನಡವು ‘ಏನೆಂದು?’ ಎಂಬ ಪ್ರಶ್ನೆಗೆ ಉತ್ತರವನ್ನು ನಿರೀಕ್ಷಿಸುತ್ತದೆ. ತೆಲುಗಿನ ‘ಆಗ್ರಹಿಂಚಾರು’ ನಿರೀಕ್ಷಿಸುವುದು ‘ಯಾರ ಮೇಲೆ?’ ಎಂಬುದಕ್ಕೆ. ಅನುವಾದದ ವಾಕ್ಯದಲ್ಲಿ ಬೇಡಿಕೆ ಏನೆಂಬುದೇ ಕಾಣದಿದ್ದರೆ ಅದು ತಪ್ಪಿನ ಗುರುತು.

‘ವಿಚಾರ’ದ ಕಥೆ ಇನ್ನೂ ಸೂಕ್ಷ್ಮ. ಆಲೋಚನೆ ಎಂಬ ಮೂಲದಿಂದ ಕನ್ನಡದಲ್ಲಿ ಅದು ವಿಷಯ, ಚಿಂತನೆ ಆಯಿತು. ತೆಲುಗಿನಲ್ಲಿ ಯೋಚನೆಯು ಕೊರಗಾಗಿ, ವಿಷಾದವಾಯಿತು. ಅಧಿಕಾರಿಯೊಬ್ಬರು ‘ವಿಚಾರಂ ವ್ಯಕ್ತಂ ಚೇಶಾರು’ ಎಂದರೆ ವಿಷಾದ ವ್ಯಕ್ತಪಡಿಸಿದರು ಎಂದರ್ಥ. ‘ವಿಚಾರ ವ್ಯಕ್ತಪಡಿಸಿದರು’ ಎಂದು ಕನ್ನಡಕ್ಕೆ ತಂದರೆ ಆ ವಿಷಾದವು ಭಾಷಣವಾಗಿಬಿಡುತ್ತದೆ. ಎರಡು ಕಡೆಯೂ ವಾಕ್ಯ ನಿರ್ದುಷ್ಟ, ಪ್ರತ್ಯಯವೂ ಸುಳಿವು ಕೊಡುವುದಿಲ್ಲ. ಇದೇ ಕುಟುಂಬದ ‘ವಿಚಾರಣ’ ಎರಡರಲ್ಲೂ ತನಿಖೆಯೇ ಆಗಿರುವುದರಿಂದ ಅನುವಾದಕನ ಧೈರ್ಯ ಇನ್ನಷ್ಟು ಹೆಚ್ಚುತ್ತದೆ. ಇಂಥಲ್ಲಿ ಆ ಮಾತಿನ ಹಿಂದೆ ನಡೆದದ್ದೇನು ಎಂದು ನೋಡುವುದಷ್ಟೇ ದಾರಿ: ಹಿಂದಿನ ವಾಕ್ಯದಲ್ಲಿ ಸಾವು, ನಷ್ಟ, ಲೋಪ ಇದ್ದರೆ ‘ವಿಚಾರಂ’ ವಿಷಾದವೇ.

೪. ನಿಘಂಟುಗಳ ನೆರವು, ಛಂದಸ್ಸಿನ ನೆರವು

ವಿಲಿಯಂ ರೀವ್ ಅವರ ಕನ್ನಡ–ಇಂಗ್ಲಿಷ್ ನಿಘಂಟು 1832ರಲ್ಲಿಯೂ ಸಿ. ಪಿ. ಬ್ರೌನ್ ಅವರ ತೆಲುಗು–ಇಂಗ್ಲಿಷ್ ನಿಘಂಟು 1852ರಲ್ಲಿಯೂ ಕಿಟೆಲ್ ಅವರ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿಯೂ ಹೊರಬಂದವು. ಮೂರರಲ್ಲಿಯೂ ಅರ್ಥ ಹೇಳುವ ಭಾಷೆ ಇಂಗ್ಲಿಷ್. ನೆರೆಯ ಎರಡು ಭಾಷೆಗಳು ಹೀಗೆ ದೂರದ ಮೂರನೆಯದರ ಮೂಲಕ ಭೇಟಿಯಾಗಬೇಕಾಯಿತು. ಆದರೆ ಸಮರೂಪ ಪದಗಳ ಮಟ್ಟಿಗೆ ಇದು ಉಪಕಾರವೇ ಆಗಿದೆ. ತೆಲುಗು ಪದವನ್ನು ಬ್ರೌನ್‌ನಲ್ಲಿಯೂ ಅದೇ ರೂಪದ ಕನ್ನಡ ಪದವನ್ನು ಕಿಟೆಲ್‌ನಲ್ಲಿಯೂ ನೋಡಿದಾಗ ಎರಡರ ವಿವರಣೆಗಳು ಕೂಡದಿದ್ದರೆ ಅಲ್ಲಿಯೇ ನಿಲ್ಲಬೇಕು. ಇದಕ್ಕೆ ಎರಡು ಮಿತಿಗಳಿವೆ. ಕಿಟೆಲ್ ಅವರು ಪದದ ಜೊತೆಗೆ ಇತರ ದ್ರಾವಿಡ ಭಾಷೆಗಳ ರೂಪಗಳನ್ನೂ ಕೊಡುತ್ತಾರೆ. ಅದು ಸಂಬಂಧದ ಸೂಚನೆ, ಸಮಾನಾರ್ಥದ ಭರವಸೆಯಲ್ಲ. ಮತ್ತು ಈ ನಿಘಂಟುಗಳು ಹತ್ತೊಂಬತ್ತನೆಯ ಶತಮಾನದ ಬಳಕೆಯವು; ಪತ್ರಿಕೆಗಳ ಭಾಷೆ ಆಮೇಲೆ ಬೆಳೆದದ್ದು.

ಇನ್ನೂ ಹಿಂದಿನ ಒಂದು ನಿದರ್ಶನದಿಂದ ಕಲಿಯುವುದಿದೆ. ಪಾಲ್ಕುರಿಕೆ ಸೋಮನಾಥನು ತೆಲುಗಿನ ದ್ವಿಪದಿಯಲ್ಲಿ ರಚಿಸಿದ ಬಸವಪುರಾಣವನ್ನು ಭೀಮಕವಿಯು 1369ರಲ್ಲಿ ಕನ್ನಡದ ಭಾಮಿನೀ ಷಟ್ಪದಿಗೆ ತಂದನು. ಎರಡು ಸಾಲಿನ ಘಟಕವು ಆರು ಸಾಲಿನದಾಗುವಾಗ ವಾಕ್ಯವನ್ನು ಬಿಚ್ಚಿ ಮತ್ತೆ ಕಟ್ಟಲೇಬೇಕು. ಮೂಲದ ಪದವು ತನ್ನ ಜಾಗದಲ್ಲಿಯೇ ಕುಳಿತು ದಾಟಿಬರಲು ಛಂದಸ್ಸು ಸುಲಭವಾಗಿ ಬಿಡುವುದಿಲ್ಲ. ಇಂದಿನ ಗದ್ಯಾನುವಾದಕನಿಗೆ ಆ ತಡೆಯಿಲ್ಲ. ಕರ್ತೃ, ಕರ್ಮ, ಕ್ರಿಯೆಗಳ ಅನುಕ್ರಮ ಎರಡೂ ಭಾಷೆಗಳಲ್ಲಿ ಒಂದೇ ಆಗಿರುವುದರಿಂದ ವಾಕ್ಯವನ್ನು ಬಿಚ್ಚದೆಯೇ, ಪ್ರತ್ಯಯಗಳನ್ನು ಮಾತ್ರ ಬದಲಿಸಿ ದಾಟಿಸಬಹುದು. ‘ಅವಸರಂ’ ಅವಸರವಾಗಿ, ‘ವಿಚಾರಂ’ ವಿಚಾರವಾಗಿ ನುಸುಳುವುದು ಈ ಸುಗಮವಾದ ದಾರಿಯಲ್ಲಿಯೇ.

ಆದ್ದರಿಂದ ಕರಡು ಮುಗಿದ ಮೇಲೆ, ಮೂಲದ ರೂಪದಲ್ಲಿಯೇ ಉಳಿದುಬಂದ ನಾಮಪದಗಳನ್ನೆಲ್ಲ ಗುರುತು ಮಾಡಿ, ಪ್ರತಿಯೊಂದರ ಬದಲಿಗೆ ಬೇರೊಂದು ಕನ್ನಡ ಪದವನ್ನಿಟ್ಟು ವಾಕ್ಯವನ್ನು ಓದಿನೋಡುವುದು ಒಳ್ಳೆಯ ಕ್ರಮ. ‘ಅವಸರ’ದ ಜಾಗದಲ್ಲಿ ‘ಆತುರ’, ‘ಆಗ್ರಹ’ದ ಜಾಗದಲ್ಲಿ ‘ಒತ್ತಾಯ’, ‘ವಿಚಾರ’ದ ಜಾಗದಲ್ಲಿ ‘ಚಿಂತನೆ’. ಹೀಗೆ ಬದಲಿಸಿದ ವಾಕ್ಯವನ್ನು ಮತ್ತೆ ತೆಲುಗು ಮೂಲದ ಪಕ್ಕದಲ್ಲಿಟ್ಟಾಗ ಹೊಂದಿದರೆ ಪದ ಉಳಿಯಲಿ, ಹೊಂದದಿದ್ದರೆ ಹೋಗಲಿ. ‘ಅವ್ವ’ನ ಜಾಗದಲ್ಲಿ ‘ತಾಯಿ’ ಎಂದಿಟ್ಟು ನೋಡಿದ್ದರೆ, ಆ ರಾಯಲಸೀಮೆಯ ಹುಡುಗ ಹುಲಗೂರಿನ ಓದುಗನ ಮುಂದೆ ತಬ್ಬಲಿಯಾಗುತ್ತಿರಲಿಲ್ಲ.